ಅತಿಥಿ ಪರಿಚಯ: ಪೂರ್ತಿ ಬರೆದು ಓದೋದಾ, ಚೀಟಿಯಲ್ಲಿ ನಾಲ್ಕು ಪದ ಸಾಕಾ?

ಸುಂಟಿಕೊಪ್ಪ_ಬೆಳೆಗಾರ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಮೂರನೇ ವಾರ ನಮ್ಮ ಕಾಫಿ ಬೆಳೆಗಾರರ ಸಭೆ ಇದೆ, ಸುಮಾರು 80 ಜನ ಸೇರ್ತಾರೆ. ಅರೇಬಿಕಾದ ಬಿಳಿ ಕಾಂಡಕೊರಕದ ಬಗ್ಗೆ ಮಾತಾಡೋಕೆ ನಿವೃತ್ತ ಕೀಟ ವಿಜ್ಞಾನಿ ಮೇಡಂ ಒಬ್ಬರು ಬರ್ತಿದ್ದಾರೆ. ಅವರನ್ನ ಪರಿಚಯಿಸೋ ಕೆಲಸ ನನ್ನ ಪಾಲಿಗೆ ಬಂದಿದೆ, ಸಮಯ ಎರಡು ನಿಮಿಷ.

ಅವರು ಕಳಿಸಿರೋ ಬಯೋಡೇಟಾ ಎರಡು ಪುಟ ಇದೆ, ಇಂಗ್ಲಿಷಲ್ಲಿ. ಅದನ್ನ ಕನ್ನಡಕ್ಕೆ ತಂದು ಒಂದು ಪುಟ ಬರೆದೆ. ಮನೆಯಲ್ಲಿ ಓದಿ ಫೋನಲ್ಲಿ ರೆಕಾರ್ಡ್ ಮಾಡಿ ಕೇಳಿದ್ರೆ ರೇಡಿಯೋ ವಾರ್ತೆ ಕೇಳಿದ ಹಾಗಿದೆ. ಪೂರ್ತಿ ಬರಹ ಬಿಟ್ಟು ಚಿಕ್ಕ ಕಾರ್ಡಲ್ಲಿ ಮುಖ್ಯ ಪದ ಮಾತ್ರ ಬರೆದುಕೊಳ್ಳಿ ಅಂತ ಒಬ್ಬರು ಹೇಳಿದ್ರು. ಎಷ್ಟು ಕಾರ್ಡು, ಒಂದೊಂದರಲ್ಲಿ ಎಷ್ಟು ಪದ, ಯಾವ ಪದ? ಮಾಡಿ ಗೊತ್ತಿರೋರು ಹೇಳಿ.

ಮಾಷ್ಟ್ರು_ನಿವೃತ್ತ

ಎರಡು ನಿಮಿಷಕ್ಕೆ ಕಾರ್ಡು ಯಾಕೆ ಬೇಕು? ಬಾಯಿಪಾಠ ಮಾಡಿ. ಹನ್ನೆರಡು ಹದಿಮೂರು ವಾಕ್ಯ ಆಗುತ್ತೆ ಅಷ್ಟೆ. ದಿನಕ್ಕೆ ಐದು ಸಲ ಹೇಳಿಕೊಂಡ್ರೆ ನಾಲ್ಕು ದಿನದಲ್ಲಿ ಬಾಯಿಗೆ ಬರುತ್ತೆ. ಕೈಯಲ್ಲಿ ಏನೂ ಇಲ್ಲದೆ ನಿಂತು ಮಾತಾಡಿದ್ರೆ ಅದಕ್ಕಿರೋ ಗೌರವವೇ ಬೇರೆ.

ಗೋಣಿಕೊಪ್ಪ_ಮೈಕು

ಮಾಷ್ಟ್ರೇ, ಜೋರಾಗಿ ಹೇಳಿ ಹೇಳಿ ಅಭ್ಯಾಸ ಮಾಡಬೇಕು ಅನ್ನೋದನ್ನ ಪೂರ್ತಿ ಒಪ್ತೀನಿ. ಬಾಯಿಪಾಠವನ್ನ ಮಾತ್ರ ಅತಿಥಿ ಪರಿಚಯಕ್ಕೆ ನಂಬೋಕಾಗಲ್ಲ. ಬಾಯಿಪಾಠದಲ್ಲಿ ಒಂದು ವಾಕ್ಯದ ಬಾಲ ಹಿಡಿದುಕೊಂಡೇ ಮುಂದಿನ ವಾಕ್ಯ ಬರೋದು. ಮಧ್ಯದಲ್ಲಿ ಯಾರೋ ಕುರ್ಚಿ ಎಳೆದ್ರು, ಮೈಕು ಕೀ ಅಂತು, ಒಂದು ವಾಕ್ಯ ಜಾರಿತು ಅಂದ್ರೆ ಆಮೇಲಿನದ್ದೆಲ್ಲ ಅದರ ಹಿಂದೆಯೇ ಹೋಗುತ್ತೆ. ಮತ್ತೆ ಮೊದಲಿಂದ ಹೇಳಿದ್ರೆ ಮಾತ್ರ ಸಿಗುತ್ತೆ, ಅದು ಸಭೆಯಲ್ಲಿ ಆಗೋ ಮಾತಲ್ಲ.

ಇನ್ನೊಂದು ತೊಂದರೆ ಇದಕ್ಕಿಂತ ಹೆಚ್ಚು ಕಾಣುತ್ತೆ. ನಮ್ಮ ಕಡೆ ಸಭೆಗಳಲ್ಲಿ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ಆದ ಮೇಲೆ ಅತಿಥಿ ಪರಿಚಯ. ಸ್ವಾಗತ ಮಾಡೋರು ಹುಮ್ಮಸ್ಸಿನಲ್ಲಿ ಅತಿಥಿಯ ಅರ್ಧ ಬಯೋಡೇಟಾ ಹೇಳಿಬಿಟ್ಟಿರ್ತಾರೆ. ಪೂರ್ತಿ ಬರೆದುಕೊಂಡವರು, ಬಾಯಿಪಾಠ ಮಾಡಿದವರು ಅದನ್ನೇ ಮತ್ತೆ ಹೇಳ್ತಾರೆ, ಯಾಕಂದ್ರೆ ಮಧ್ಯದಿಂದ ಒಂದು ತುಂಡು ತೆಗೆದ್ರೆ ಅಕ್ಕಪಕ್ಕದ ವಾಕ್ಯ ಕೂಡಿಕೊಳ್ಳಲ್ಲ. ಕಾರ್ಡಾದ್ರೆ ವೇದಿಕೆ ಮೇಲೆ ಕೂತಲ್ಲೇ ಪೆನ್ಸಿಲಿನಿಂದ ಆ ಒಂದು ಸಾಲಿನ ಮೇಲೆ ಗೀಟು ಎಳೆದ್ರೆ ಆಯ್ತು. ಕಾರ್ಡು ಹಿಡಿಯೋದಕ್ಕೆ ಇದೇ ನನ್ನ ಮೊದಲ ಕಾರಣ.

ಬೆಳೆಗಾರರೇ, ನಿಮ್ಮ ಎರಡು ನಿಮಿಷಕ್ಕೆ ಮೂರು ಕಾರ್ಡು ಸಾಕು. ಮೊದಲನೆಯದು ಸಭೆಗೆ: ಈ ವಿಷಯ ಇವತ್ತು ಯಾಕೆ. ಎರಡನೆಯದು ಅತಿಥಿಗೆ: ಈ ವಿಷಯ ಹೇಳೋಕೆ ಇವರೇ ಯಾಕೆ. ಮೂರನೆಯದರಲ್ಲಿ ಹೆಸರು, ಭಾಷಣದ ವಿಷಯ, ಕರೆಯೋ ವಾಕ್ಯ. ಒಂದು ಕಾರ್ಡಿಗೆ ನಾಲ್ಕು ಸಾಲು, ಒಂದು ಸಾಲಿಗೆ ಎರಡು ಮೂರು ಪದ. ಐದನೇ ಸಾಲು ಬೇಕೆನಿಸಿದ್ರೆ ಬಯೋಡೇಟಾ ಇನ್ನೂ ಸೋಸಿಲ್ಲ ಅಂತ ಅರ್ಥ.

ಕುಶಾಲನಗರ_ಕಾಲೇಜು

ನನಗೂ ಇದೇ ಬೇಕಿತ್ತು! ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ‘ನಿಮ್ಮ ಬಗ್ಗೆ ಹೇಳಿ’ ಅಂದಾಗ ಕಾರ್ಡು ನೋಡಿಕೊಂಡು ಹೇಳಬಹುದಾ? ಮೇಜಿನ ಕೆಳಗೆ ಇಟ್ಟುಕೊಂಡ್ರೆ ಕಾಣಲ್ಲ ಅಲ್ವಾ?

ಅಮ್ಮತ್ತಿ_ಅಕ್ಕ

ಅದು ಬೇರೆ ವಿಷಯ ತಮ್ಮಾ. ಇಲ್ಲಿ ಕೇಳ್ತಿರೋದು ಇನ್ನೊಬ್ಬರನ್ನ ಸಭೆಗೆ ಪರಿಚಯಿಸೋದು. ಇಂಟರ್‌ವ್ಯೂನಲ್ಲಿ ನಿನ್ನ ಹೆಸರು, ನಿನ್ನ ಓದು ಕಾರ್ಡು ನೋಡಿ ಹೇಳಿದ್ರೆ ಚೆನ್ನಾಗಿರಲ್ಲ, ಮೇಜಿನ ಕೆಳಗೆ ಇಟ್ಟು ಕದ್ದು ನೋಡೋದಂತೂ ಬೇಡವೇ ಬೇಡ. ಮನೆಯಲ್ಲಿ ಅಭ್ಯಾಸಕ್ಕೆ ಕಾರ್ಡು ಮಾಡ್ಕೋ, ಒಳಗೆ ಹೋಗುವಾಗ ಬ್ಯಾಗಲ್ಲಿಡು.

ಬೆಳೆಗಾರರೇ, ಮುಖ್ಯ ಪದ ಅಂದ ಮಾತ್ರಕ್ಕೆ ಎಲ್ಲವನ್ನೂ ಮೊಟಕು ಮಾಡಬೇಡಿ. ಹೆಸರನ್ನ ಪೂರ್ತಿ ಬರೀರಿ, ಇನಿಷಿಯಲ್ ಬಿಡಿಸಿ. ನಮ್ಮ ಜಿಲ್ಲೆಯಲ್ಲಿ ಇದು ಎರಡು ಪಟ್ಟು ಮುಖ್ಯ. ಮೇಡಂ ಕೊಡವರಾಗಿದ್ರೆ ಮನೆತನದ ಹೆಸರು ಮುಂದೆ ಬರುತ್ತೆ, ಬಯೋಡೇಟಾದಲ್ಲಿ ಅದು ಬರೀ ಒಂದು ಇಂಗ್ಲಿಷ್ ಅಕ್ಷರವಾಗಿ ಕೂತಿರುತ್ತೆ. ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಅಂತ ಊರೆಲ್ಲ ಹೇಳುತ್ತೆ, ಆ ‘ಕೆ’ ಕೊಡಂದೇರ, ‘ಎಂ’ ಮಾದಪ್ಪ. ಜನರಲ್ ಕೆ.ಎಸ್. ತಿಮ್ಮಯ್ಯ ಅವರ ‘ಕೆ’ ಕೂಡ ಅದೇ ಕೊಡಂದೇರ. ಇನಿಷಿಯಲ್ ಮಾತ್ರ ಓದಿದ್ರೆ ಕೂತ ಜನಕ್ಕೆ ಬೇಕಾದ ಗುರುತೇ ಹೋಗುತ್ತೆ. ಯಾವ ಮನೆತನ ಅಂತ ಪಕ್ಕದವರನ್ನ ಕೇಳೋಕೆ ಶುರು ಮಾಡ್ತಾರೆ, ನಿಮ್ಮ ಮುಂದಿನ ಎರಡು ವಾಕ್ಯ ಯಾರ ಕಿವಿಗೂ ಬೀಳಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಒಂದಿದೆ. ಮದುವೆಯಾದ ಮೇಲೆ ಗಂಡನ ಮನೆತನದ ಹೆಸರು ಬರುತ್ತೆ, ಆದರೆ ಕೆಲವರು ಕೆಲಸದ ಜಾಗದಲ್ಲಿ ಹಳೇ ಹೆಸರನ್ನೇ ಉಳಿಸಿಕೊಂಡಿರ್ತಾರೆ. ಊಹೆ ಮಾಡಬೇಡಿ. ಫೋನ್ ಮಾಡಿ, ‘ಮೇಡಂ, ವೇದಿಕೆಯಲ್ಲಿ ನಿಮ್ಮ ಹೆಸರನ್ನ ಹೇಗೆ ಹೇಳಲಿ?’ ಅಂತ ಕೇಳಿ. ಅವರು ಹೇಳಿದ ಹಾಗೇ, ಹೇಳಿದ ಕ್ರಮದಲ್ಲೇ ಕಾರ್ಡಿಗೆ ಬರೀರಿ. ದೀರ್ಘ ಎಲ್ಲಿ, ಒತ್ತು ಎಲ್ಲಿ ಅನ್ನೋದನ್ನೂ ಫೋನಲ್ಲೇ ಕೇಳಿಸಿಕೊಳ್ಳಿ.

ಸುಂಟಿಕೊಪ್ಪ_ಬೆಳೆಗಾರ

ಅಕ್ಕ, ಹೌದು, ಅವರು ಕೊಡವರೇ. ಬಯೋಡೇಟಾದಲ್ಲಿ ಮುಂದೆ ಒಂದು ಇನಿಷಿಯಲ್ ಮಾತ್ರ ಇದೆ. ನಾಳೆ ಫೋನ್ ಮಾಡ್ತೀನಿ.

ಮೈಕು ಅವರೇ, ನೀವು ಹೇಳಿದ ಹಾಗೆ ಒಂದು ಕಾರ್ಡು ಮಾಡಿ ನೋಡಿದೆ. ಎರಡನೇ ಕಾರ್ಡಲ್ಲಿ ಹೀಗೆ ಬರೆದಿದ್ದೆ:

ಎಂ.ಎಸ್ಸಿ., ಪಿಎಚ್.ಡಿ.
ಬಾಳೆಹೊನ್ನೂರು 11, ಚೆಟ್ಟಳ್ಳಿ 9
ಸಂಶೋಧನೆ
ಪ್ರಶಸ್ತಿ 2

ನೋಡಿಕೊಂಡು ಮಾತಾಡೋಕೆ ಹೋದ್ರೆ ‘ಬಾಳೆಹೊನ್ನೂರು...’ ಅಂತ ಹೇಳಿ ನಿಂತುಬಿಟ್ಟೆ. ‘ಸಂಶೋಧನೆ’ ಅಂದ ಮೇಲೆ ಏನು ಸಂಶೋಧನೆ ಅನ್ನೋದೇ ತಲೆಗೆ ಬರಲಿಲ್ಲ. ಓದೋದೇ ವಾಸಿ ಅನ್ನಿಸ್ತು.

ಗೋಣಿಕೊಪ್ಪ_ಮೈಕು

ತಪ್ಪು ಎಲ್ಲಿದೆ ಅಂತ ನಿಮ್ಮ ಕಾರ್ಡೇ ತೋರಿಸ್ತಿದೆ. ಇದರಲ್ಲಿ ಎರಡು ಬೇರೆ ಬೇರೆ ತಪ್ಪಿದೆ, ಒಂದೊಂದಾಗಿ ಹೇಳ್ತೀನಿ.

ಮೊದಲನೆಯದು, ನೀವು ಬರೀ ನಾಮಪದ ಬರೆದಿದ್ದೀರಿ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಯಲ್ಲಿ ಬರೋದು. ‘ಬಾಳೆಹೊನ್ನೂರು’ ಅಂತ ಬಾಯಿಬಿಟ್ಟ ಮೇಲೆ ವಾಕ್ಯ ಯಾವ ಕಡೆ ಹೋಗಬೇಕು ಅನ್ನೋದು ಇನ್ನೂ ತೀರ್ಮಾನ ಆಗಿರಲ್ಲ. ಅವರು ಅಲ್ಲಿನವರಾ, ಅಲ್ಲಿಗೆ ಹೋದ್ರಾ, ಅಲ್ಲಿಂದ ಬಂದ್ರಾ? ನಾಲಿಗೆ ಅಲ್ಲೇ ತಡೆದು ನಿಲ್ಲುತ್ತೆ. ಅದೇ ಪದಕ್ಕೆ ಪ್ರತ್ಯಯ ಸೇರಿಸಿ ಬರೆದು ನೋಡಿ: ‘ಬಾಳೆಹೊನ್ನೂರಿನಲ್ಲಿ 11 ವರ್ಷ’, ‘ಚೆಟ್ಟಳ್ಳಿಗೆ ಬಂದು 9’. ಆ ‘-ನಲ್ಲಿ’, ಆ ‘-ಗೆ ಬಂದು’ ಕಣ್ಣಿಗೆ ಬಿದ್ದ ಕೂಡಲೇ ‘ಕೆಲಸ ಮಾಡಿದ್ದಾರೆ’ ಅನ್ನೋದು ತಾನಾಗಿ ಬಾಯಿಗೆ ಬರುತ್ತೆ. ಎರಡೇ ಅಕ್ಷರ ಹೆಚ್ಚು ಬರೀಬೇಕು, ವಾಕ್ಯದ ದಾರಿ ಪೂರ್ತಿ ಸಿಗುತ್ತೆ.

ಎರಡನೆಯದು, ‘ಸಂಶೋಧನೆ’, ‘ಪ್ರಶಸ್ತಿ’ ಇಂಥವೆಲ್ಲ ತಲೆಬರಹ. ಯಾವ ವಿಜ್ಞಾನಿಯ ಕಾರ್ಡಿಗೂ ಸರಿಹೊಂದುತ್ತವೆ, ಹಾಗಾಗಿ ಏನನ್ನೂ ನೆನಪಿಸಲ್ಲ. ಕಣ್ಣಿಗೆ ಕಟ್ಟೋ ಪದ ಬೇಕು. ಮೇಡಂ ಮಾಡಿದ ಕೆಲಸದಲ್ಲಿ ನಿಮ್ಮ ಸಭೆಗೆ ತಟ್ಟೋದು ಯಾವುದು? ತೋಟ ತೋಟಕ್ಕೆ ಹೋಗಿ ಗಿಡ ಸೀಳಿ ಹುಳು ತೋರಿಸಿದ್ರಾ? ಹಾಗಿದ್ರೆ ‘ಸಂಶೋಧನೆ’ ಹೊಡೆದು ಹಾಕಿ ‘ಕಾಂಡ ಸೀಳಿ ತೋರಿಸಿ’ ಅಂತ ಬರೀರಿ. ಮರೆಯೋಕೇ ಆಗಲ್ಲ. ಬಯೋಡೇಟಾದಲ್ಲಿ ಅಂಥದ್ದು ಸಿಗದಿದ್ರೆ ಅವರಿಗೆ ಫೋನ್ ಮಾಡಿದಾಗ ಕೇಳಿ.

ಪದವಿಗಳ ಸಾಲು ಬಿಟ್ಟುಬಿಡಿ. ಹೆಸರಿನ ಮುಂದೆ ಡಾಕ್ಟರ್ ಅಂದಾಗಲೇ ಅಷ್ಟೂ ಬಂತು.

ಪೊನ್ನಂಪೇಟೆ_ಓದುಗ

ಪದವಿ ಬಿಟ್ರೆ ಅತಿಥಿಗೆ ಬೇಸರ ಆಗಲ್ವಾ? ಅವರೇ ಕಳಿಸಿರೋದು ಅಲ್ವಾ ಎರಡು ಪುಟ?

ಗೋಣಿಕೊಪ್ಪ_ಮೈಕು

ಅದನ್ನೂ ಅವರನ್ನೇ ಕೇಳಬಹುದು: ‘ಮೇಡಂ, ಎರಡೇ ನಿಮಿಷ ಇದೆ, ಇದರಲ್ಲಿ ಯಾವ ಮೂರು ವಿಷಯ ಖಂಡಿತ ಹೇಳಬೇಕು?’ ಸಾಮಾನ್ಯವಾಗಿ ಅವರೇ ಆರಿಸಿ ಹೇಳ್ತಾರೆ. ಒಂದು ಪ್ರಶಸ್ತಿ ಹೇಳಲೇಬೇಕು ಅಂದ್ರೆ ಹೇಳಿ. ಆಗ ಪ್ರಶಸ್ತಿಯ ಪೂರ್ತಿ ಹೆಸರನ್ನ ಕಾರ್ಡಲ್ಲಿ ಬರೆದುಕೊಳ್ಳಿ, ಅದನ್ನ ನೆನಪಿನ ಮೇಲೆ ಬಿಡಬೇಡಿ.

ಮಾಷ್ಟ್ರು_ನಿವೃತ್ತ

ಪ್ರತ್ಯಯ ಸೇರಿಸಿ ಬರೆಯೋ ಮಾತು ಸರಿ ಇದೆ, ನಾನು ಅದನ್ನ ಯೋಚಿಸಿರಲಿಲ್ಲ. ಆದರೂ ಹೇಳ್ತೀನಿ, ಕಾರ್ಡು ಅಂದ ಮೇಲೆ ಬರೀ ಮುಖ್ಯ ಪದ ಇರಬೇಕು, ಒಂದೂ ಪೂರ್ತಿ ವಾಕ್ಯ ಇರಬಾರದು. ಒಂದು ವಾಕ್ಯ ಬರೆದ್ರೆ ಕಣ್ಣು ಓದೋಕೆ ಶುರು ಮಾಡುತ್ತೆ.

ಅಮ್ಮತ್ತಿ_ಅಕ್ಕ

ಮಾಷ್ಟ್ರೇ, ಎರಡು ಕಡೆ ವಿನಾಯಿತಿ ಬೇಕು. ಮೊದಲ ವಾಕ್ಯ, ಕೊನೆಯ ವಾಕ್ಯ. ಎದ್ದು ನಿಂತ ಕೂಡಲೇ ಎದೆ ಹೊಡೆದುಕೊಳ್ತಿರುತ್ತೆ, ಆಗ ವಾಕ್ಯ ಕಟ್ಟೋ ಕೆಲಸ ತಲೆಗೆ ಕೊಡಬಾರದು. ಅದು ಕಾರ್ಡಲ್ಲಿ ಪೂರ್ತಿ ಇರಲಿ, ಆದರೆ ಓದೋಕಲ್ಲ, ಇದೆ ಅನ್ನೋ ಧೈರ್ಯಕ್ಕೆ. ಕೊನೆಯ ವಾಕ್ಯ ಪೂರ್ತಿ ಯಾಕೆ ಅಂದ್ರೆ ಅದು ಸಭೆಗೆ ಚಪ್ಪಾಳೆಯ ಸೂಚನೆ, ಅತಿಥಿಗೆ ಏಳೋ ಸೂಚನೆ. ಅದು ತಡವರಿಸಿದ್ರೆ ಅತಿಥಿ ಅರ್ಧ ಎದ್ದು, ಮತ್ತೆ ಕೂತು, ಮತ್ತೆ ಏಳ್ತಾರೆ. ನೋಡೋಕೆ ಪಾಪ ಅನ್ನಿಸುತ್ತೆ.

ಗೋಣಿಕೊಪ್ಪ_ಮೈಕು

ಅಕ್ಕ ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ. ಮಾಷ್ಟ್ರು ಹೇಳೋ ಅಪಾಯ ನಿಜ, ಅದಕ್ಕೇ ಮಧ್ಯದ ಕಾರ್ಡಲ್ಲಿ ಒಂದೂ ಪೂರ್ತಿ ವಾಕ್ಯ ಬೇಡ.

ಈಗ ಪೂರ್ತಿ ಬರಹದಿಂದ ಕಾರ್ಡು ಮಾಡೋ ಕ್ರಮ. ನೀವು ಬರೆದ ಒಂದು ಪುಟ ದಂಡ ಆಗಲಿಲ್ಲ, ಅಲ್ಲಿಂದಲೇ ಶುರು. ಅದನ್ನ ಎದುರಿಗೆ ಒಬ್ಬರನ್ನ ಕೂರಿಸಿಕೊಂಡು ಎರಡು ಸಲ ಜೋರಾಗಿ ಓದಿ. ಓದುವಾಗ ನಾಲಿಗೆಗೆ ಒಗ್ಗದ ವಾಕ್ಯವನ್ನ ಮನೆಯಲ್ಲಿ ಮಾತಾಡೋ ಹಾಗೆ ತಿದ್ದಿ. ಆಮೇಲೆ ಪ್ರತಿ ವಾಕ್ಯದಲ್ಲೂ ಒಂದು ಪದದ ಕೆಳಗೆ ಗೆರೆ ಎಳೀರಿ, ಆ ಪದ ನೋಡಿದ್ರೆ ಉಳಿದ ವಾಕ್ಯ ನೆನಪಾಗಬೇಕು. ಗೆರೆ ಎಳೆದದ್ದನ್ನ ಮಾತ್ರ ಪ್ರತ್ಯಯದ ಸಮೇತ ಕಾರ್ಡಿಗೆ ಇಳಿಸಿ, ಪುಟವನ್ನ ಬೀರುವಿನಲ್ಲಿಡಿ. ಇದಾದ ಮೇಲೆ ಆ ಪುಟವನ್ನ ಮತ್ತೆ ತೆಗೀಬಾರದು, ತೆಗೆದ್ರೆ ಬಾಯಿಪಾಠ ಶುರುವಾಗುತ್ತೆ.

ಈಗ ಕಾರ್ಡು ಮಾತ್ರ ಹಿಡಿದು ಮೂರು ಸಲ ಹೇಳಿ. ಒಂದೇ ಜಾಗದಲ್ಲಿ ಎರಡು ಸಲ ನಿಂತುಹೋದ್ರೆ ಆ ಪದ ಸರಿ ಇಲ್ಲ. ಆಗ ಎಲ್ಲರೂ ಪಕ್ಕದಲ್ಲಿ ಇನ್ನೆರಡು ಪದ ಸೇರಿಸ್ತಾರೆ, ಹಾಗೆ ಮಾಡಬೇಡಿ. ಆ ಪದವನ್ನೇ ಬದಲಾಯಿಸಿ. ಮೂರು ಸಲವೂ ಯಾವ ಸಾಲನ್ನ ನೋಡೋ ಅಗತ್ಯವೇ ಬರಲಿಲ್ಲವೋ ಅದನ್ನ ಅಳಿಸಿ. ಗಡಿಯಾರ ಕೊನೆಯ ಸಲಕ್ಕೆ ಸಾಕು. ಮನೆಯಲ್ಲಿ 1 ನಿಮಿಷ 40 ಸೆಕೆಂಡಿಗೆ ಮುಗಿದ್ರೆ ಸಭೆಯಲ್ಲಿ ಎರಡು ನಿಮಿಷ ಆಗುತ್ತೆ, ನಡೆದು ಹೋಗೋದು, ಮೈಕು ಸರಿಮಾಡೋದು ಎಲ್ಲ ಸೇರಿ.

ಮೂರು ಸಲವೂ ವಾಕ್ಯ ಬೇರೆ ಬೇರೆ ಬಂದ್ರೆ ಗಾಬರಿ ಬೇಡ, ಅದೇ ಬೇಕಾಗಿರೋದು. ‘ಚೆಟ್ಟಳ್ಳಿಗೆ ಬಂದು 9’ ನೋಡಿ ಒಂದು ಸಲ ‘ಆಮೇಲೆ ನಮ್ಮ ಚೆಟ್ಟಳ್ಳಿಗೇ ಬಂದು ಒಂಬತ್ತು ವರ್ಷ ದುಡಿದ್ರು’ ಅಂತೀರಿ. ಇನ್ನೊಂದು ಸಲ ‘ಕೊನೆಯ ಒಂಬತ್ತು ವರ್ಷ ಅವರು ಚೆಟ್ಟಳ್ಳಿಯಲ್ಲಿದ್ರು, ನಿಮ್ಮಲ್ಲಿ ಕೆಲವರು ಅಲ್ಲೇ ಭೇಟಿಯಾಗಿರಬಹುದು’ ಅಂತೀರಿ. ಎರಡೂ ಸರಿಯೇ. ಮೂರು ಸಲವೂ ಅಕ್ಷರ ಬಿಡದೆ ಒಂದೇ ವಾಕ್ಯ ಬಂದ್ರೆ ನೀವು ಗೊತ್ತಿಲ್ಲದೆ ಬಾಯಿಪಾಠ ಮಾಡಿದ್ದೀರಿ ಅಂತ.

ಸೋಮವಾರಪೇಟೆ_ಮಳೆ

ಕಾರ್ಡಿನ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳ್ತೀನಿ. ಅಳತೆ ಮೂರು ಇಂಚು ಅಗಲ, ಐದು ಇಂಚು ಉದ್ದ, ಅಂಗೈಯಲ್ಲಿ ಕೂರುತ್ತೆ. ಎ4 ಹಾಳೆ ಕೈ ನಡುಗಿದ್ರೆ ತಾನೂ ನಡುಗಿ ತೋರಿಸುತ್ತೆ, ಮೈಕಿನ ಹತ್ತಿರ ಸರಸರ ಶಬ್ದ ಬೇರೆ. ಅಂಗಡಿಯಲ್ಲಿ ಇಂಡೆಕ್ಸ್ ಕಾರ್ಡ್ ಸಿಗದಿದ್ರೆ ಹಳೇ ಮದುವೆ ಕಾಗದ ಕತ್ತರಿಸಿ, ಹಿಂಬದಿ ಖಾಲಿ ಇರೋದು ನೋಡಿ. ಹೊಳಪಿನ ಕಾಗದ ಬೇಡ, ಶಾಯಿ ಹಿಡಿಯಲ್ಲ.

ನೀವು ಸಭೆ ಇಟ್ಟಿರೋದು ಸೆಪ್ಟೆಂಬರಲ್ಲಿ, ಇನ್ನೂ ಮಳೆಗಾಲ. ತೆಳು ಕಾಗದ ಜೇಬಲ್ಲೇ ಮೆತ್ತಗಾಗಿ ಬಾಗುತ್ತೆ. ಜೆಲ್ ಪೆನ್ನಿನ ಶಾಯಿ ಬೆವರಿದ ಹೆಬ್ಬೆರಳಿಗೆ ಹರಡುತ್ತೆ. ಬಾಲ್ ಪೆನ್ನಲ್ಲಿ ಬರೆದು ಅದರ ಮೇಲೆ ಇನ್ನೊಮ್ಮೆ ತಿದ್ದಿ ದಪ್ಪ ಮಾಡಿ. ಲ್ಯಾಮಿನೇಷನ್ ಮಾಡಿಸಬೇಡಿ. ವೇದಿಕೆಯ ದೀಪ ಅದರ ಮೇಲೆ ಬಿದ್ದು ಕಣ್ಣಿಗೆ ಹೊಡೆಯುತ್ತೆ, ಮೇಲಾಗಿ ಕೊನೇ ಗಳಿಗೆಯಲ್ಲಿ ಪೆನ್ಸಿಲಿನಿಂದ ಗೀಟು ಎಳೆಯೋಕೂ ಆಗಲ್ಲ.

ಅಕ್ಷರದ ಗಾತ್ರ ನೋಡೋಕೆ ಕಾರ್ಡನ್ನ ಹೊಟ್ಟೆಯ ಎತ್ತರದಲ್ಲಿ ಹಿಡೀರಿ, ತಲೆ ಬಗ್ಗಿಸದೆ ಕಣ್ಣು ಮಾತ್ರ ಇಳಿಸಿ. ಓದೋಕಾಗಬೇಕು. ಕನ್ನಡದಲ್ಲಿ ಬರೆಯುವಾಗ ಸಾಲಿನ ನಡುವೆ ಒಂದು ಸಾಲಿನಷ್ಟು ಜಾಗ ಬಿಡಲೇಬೇಕು. ‘ಚೆಟ್ಟಳ್ಳಿ’ಯ ಎರಡು ಒತ್ತು ಕೆಳಗಿನ ಸಾಲಿನ ‘ತೋ’, ‘ಬಿ’ಗಳ ಮೇಲೆ ಕೂತ್ರೆ ದೂರದಿಂದ ಎರಡೂ ಸೇರಿ ಏನೋ ಒಂದು ಕಾಣುತ್ತೆ. ಗೆರೆ ಹಾಕಿದ ಕಾರ್ಡಾದ್ರೆ ಒಂದು ಗೆರೆ ಬಿಟ್ಟು ಒಂದರಲ್ಲಿ ಬರೀರಿ. ನಾಲ್ಕೇ ಸಾಲು ಅಂತ ಮೈಕು ಹೇಳಿದ್ದು ಇದಕ್ಕೂ ಸರಿಹೋಗುತ್ತೆ.

ಒಂದೇ ಬದಿಯಲ್ಲಿ ಬರೀರಿ, ಹಿಂದೆ ತಿರುಗಿಸಿದ್ರೆ ಯಾವುದು ಮುಗೀತು ಅಂತ ಗೊತ್ತಾಗಲ್ಲ. ಬಲಗಡೆ ಮೇಲಿನ ಮೂಲೆಯಲ್ಲಿ 1, 2, 3. ಎಡ ಮೂಲೆಯಲ್ಲಿ ತೂತು ಹೊಡೆದು ದಾರ ಸಡಿಲವಾಗಿ ಕಟ್ಟಿ, ಕೆಳಗೆ ಬಿದ್ರೂ ಕ್ರಮ ತಪ್ಪಲ್ಲ. ಇನ್ನೊಂದು ಕೈಯಲ್ಲಿ ಮೈಕು ಇರುತ್ತೆ, ಹಾಗಾಗಿ ಹೆಬ್ಬೆರಳಿನಿಂದಲೇ ಕಾರ್ಡನ್ನ ಹಿಂದಕ್ಕೆ ತಳ್ಳೋದನ್ನ ಮನೆಯಲ್ಲಿ ಒಂದು ಸೌಟು ಹಿಡಿದು ಅಭ್ಯಾಸ ಮಾಡಿ.

ಪೊನ್ನಂಪೇಟೆ_ಓದುಗ

ಇಷ್ಟೆಲ್ಲ ಯಾಕೆ, ಫೋನಲ್ಲೇ ದೊಡ್ಡ ಅಕ್ಷರದಲ್ಲಿ ಬರೆದುಕೊಳ್ಳಬಹುದಲ್ಲ. ಕರೆಂಟ್ ಹೋದ್ರೂ ಕಾಣುತ್ತೆ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗೋದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಕನ್ನಡಕ ಹಾಕೋರಿಗೂ ಒಳ್ಳೇದು.

ಸೋಮವಾರಪೇಟೆ_ಮಳೆ

ಬೆಳಕಿನ ಮಾತು ಸರಿ. ಆದರೆ ಪರದೆ ಅರ್ಧ ನಿಮಿಷಕ್ಕೆ ಆರುತ್ತೆ, ಮಧ್ಯದಲ್ಲಿ ಕರೆ ಬರುತ್ತೆ, ಬೆರಳು ತಾಗಿದ್ರೆ ಪುಟ ಮೇಲೆ ಕೆಳಗೆ ಓಡುತ್ತೆ. ಎದುರಿಗೆ ಕೂತವರಿಗೆ ನೀವು ಮೆಸೇಜ್ ನೋಡ್ತಿದ್ದೀರಿ ಅನ್ನಿಸುತ್ತೆ.

ಪೊನ್ನಂಪೇಟೆ_ಓದುಗ

ಪರದೆ ಆರದ ಹಾಗೆ, ಕರೆ ಬರದ ಹಾಗೆ ಸೆಟ್ಟಿಂಗ್ ಮಾಡಬಹುದು. ಅರವತ್ತು ದಾಟಿದವರಿಗೆ ನಾನು ಈಗಲೂ ಫೋನೇ ಹೇಳೋದು. ಜನ ಏನೆಂದುಕೊಳ್ತಾರೆ ಅನ್ನೋದಕ್ಕಿಂತ ಕಣ್ಣಿಗೆ ಕಾಣೋದು ಮುಖ್ಯ.

ಅಮ್ಮತ್ತಿ_ಅಕ್ಕ

ಇದು ಇವತ್ತಿಗೆ ಮುಗಿಯೋ ಚರ್ಚೆಯಲ್ಲ! ಬೆಳೆಗಾರರೇ, ನಿಮಗೆ ಕಾರ್ಡು ಕಾಣೋದಾದ್ರೆ ಕಾರ್ಡೇ ಹಿಡೀರಿ. ಫೋನನ್ನ ಟಾರ್ಚಿಗೆ ಅಂತ ಜೇಬಲ್ಲಿಟ್ಟುಕೊಳ್ಳಿ.

ಅಂಕಿಗಳ ಬಗ್ಗೆ ಒಂದು ಮಾತು. ಕಾರ್ಡಲ್ಲಿ ‘9’ ಅಂತ ಬರೆದ್ರೆ ಬಾಯಿಗೆ ಒಂಬತ್ತು ಬರುತ್ತೆ, ತೊಂದರೆ ಇಲ್ಲ. ಇಸವಿ ಬರೆದ್ರೆ ಮಾತ್ರ ಎಡವಟ್ಟು. 1998 ಕಂಡ ಕೂಡಲೇ ಅರ್ಧ ಜನಕ್ಕೆ ಇಂಗ್ಲಿಷಲ್ಲಿ ಬರುತ್ತೆ, ಮಧ್ಯದಲ್ಲಿ ಕನ್ನಡಕ್ಕೆ ತಿರುಗಿಸೋಕೆ ಹೋಗಿ ತೊದಲ್ತಾರೆ. ಇಸವಿ ಬಿಟ್ಟು ‘ಇಪ್ಪತ್ತು ವರ್ಷ’ ಅಂತ ಕಾಲಾವಧಿ ಹೇಳಿ, ಕೇಳೋರಿಗೂ ಅದೇ ಸುಲಭ. ಇಸವಿ ಬೇಕೇ ಬೇಕು ಅಂದ್ರೆ ಅಕ್ಷರದಲ್ಲಿ ಬರೆದುಕೊಳ್ಳಿ.

ಬಯೋಡೇಟಾ ಇಂಗ್ಲಿಷಲ್ಲಿದೆ ಅಂದ್ರಲ್ಲ, ಅಲ್ಲಿಯ ಪದವನ್ನ ಹಾಗೇ ಕಾರ್ಡಿಗೆ ಎತ್ತಿಕೊಳ್ಳಬೇಡಿ. ಮೈಕಿನ ಮುಂದೆ ಅನುವಾದ ಮಾಡೋ ಕೆಲಸ ಇಟ್ಟುಕೊಂಡ ಹಾಗಾಗುತ್ತೆ. ಯಾವ ಭಾಷೆಯಲ್ಲಿ ಹೇಳ್ತೀರೋ ಅದರಲ್ಲೇ ಕಾರ್ಡು.

ಕುಶಾಲನಗರ_ಕಾಲೇಜು

ಅಕ್ಕ, ನಾನು ಮನೆಯಲ್ಲಿ ಅರೆಭಾಷೆ ಮಾತಾಡೋದು. ಕಾರ್ಡು ಅರೆಭಾಷೆಯಲ್ಲಿ ಬರೆದುಕೊಂಡು ಕನ್ನಡದಲ್ಲಿ ಹೇಳಿದ್ರೆ ಸಹಜವಾಗಿ ಬರಲ್ವಾ?

ಅಮ್ಮತ್ತಿ_ಅಕ್ಕ

ಎರಡೂ ಹತ್ತಿರ ಇರೋದೇ ತೊಂದರೆ. ಒತ್ತಡದಲ್ಲಿ ಕಾರ್ಡಲ್ಲಿರೋ ರೂಪವೇ ಬಾಯಿಗೆ ಬರುತ್ತೆ. ಕನ್ನಡದ ಸಭೆಗೆ ಕನ್ನಡದಲ್ಲೇ ಬರಿ. ನಿಮ್ಮವರದ್ದೇ ಸಭೆಯಾದ್ರೆ ಅರೆಭಾಷೆಯಲ್ಲೇ ಬರೆದು ಅರೆಭಾಷೆಯಲ್ಲೇ ಹೇಳು, ಸೊಗಸಾಗಿರುತ್ತೆ.

ಸುಂಟಿಕೊಪ್ಪ_ಬೆಳೆಗಾರ

ಮೇಡಂಗೆ ಫೋನ್ ಮಾಡಿದೆ. ಮನೆತನದ ಹೆಸರು ಪೂರ್ತಿ ಹೇಳಿ ಅಂದ್ರು, ಎಷ್ಟು ಖುಷಿಪಟ್ಟರು ಅಂದ್ರೆ ಇನಿಷಿಯಲಲ್ಲೇ ಬಿಟ್ಟಿದ್ರೆ ಎಂಥ ತಪ್ಪಾಗ್ತಿತ್ತು ಅನ್ನಿಸ್ತು. ಪ್ರಶಸ್ತಿ ಬೇಡ, ರೈತರ ತೋಟದಲ್ಲಿ ಮಾಡಿದ ಕೆಲಸ ಹೇಳಿ ಸಾಕು ಅಂದ್ರು. ತೋಟದಲ್ಲಿ ಬೆಳೆಗಾರರ ಮುಂದೆಯೇ ಕಾಂಡ ಸೀಳಿ ಹುಳು ತೋರಿಸ್ತಿದ್ದದ್ದು ನಿಜವಂತೆ. ಈಗಿನ ಮೂರು ಕಾರ್ಡು ಹೀಗಿವೆ, ತಿದ್ದಿ:

ಕಾರ್ಡು 1
ಎಲ್ಲರಿಗೂ ನಮಸ್ಕಾರ. ಅಕ್ಟೋಬರಿಗೆ ಇನ್ನು ಎರಡೇ ವಾರ.
ದುಂಬಿ ಹಾರೋಕೆ ಮುಂಚೆ
ತೊಗಟೆಯಲ್ಲಿ ಉಬ್ಬು ಗೆರೆ
ಗಿಡ ಕಿತ್ತು ಸುಡೋದು, ಕೀಟನಾಶಕ, ನೆರಳು

ಕಾರ್ಡು 2
ಬಾಳೆಹೊನ್ನೂರಿನಲ್ಲಿ 11
ಚೆಟ್ಟಳ್ಳಿಗೆ ಬಂದು 9
ತೋಟದಲ್ಲೇ ಕಾಂಡ ಸೀಳಿ

ಕಾರ್ಡು 3
(ಮನೆತನದ ಸಮೇತ ಪೂರ್ತಿ ಹೆಸರು)
ವಿಷಯ: ಕಾಂಡಕೊರಕ, ಹಿಂಗಾರಿನ ಮುನ್ನೆಚ್ಚರಿಕೆ
ಡಾಕ್ಟರ್ (ಹೆಸರು) ಅವರನ್ನು ಮಾತಾಡಲು ಪ್ರೀತಿಯಿಂದ ಕರೆಯುತ್ತೇನೆ.

ಗೋಣಿಕೊಪ್ಪ_ಮೈಕು

ಎರಡನೇ ಕಾರ್ಡು ಬಹಳ ಚೆನ್ನಾಗಿದೆ, ಮೂರೇ ಸಾಲಲ್ಲಿ ನಿಂತಿದೆ. ಅದನ್ನ ಮುಟ್ಟಬೇಡಿ.

ಮೊದಲನೇ ಕಾರ್ಡಲ್ಲಿ ನೀವು ಅತಿಥಿಯ ಭಾಷಣವನ್ನೇ ಮಾಡಿಬಿಡ್ತಿದ್ದೀರಿ. ತೊಗಟೆಯ ಉಬ್ಬು ಗೆರೆ, ಗಿಡ ಕೀಳೋದು, ನೆರಳು ಇವೆಲ್ಲ ಮೇಡಂ ಹೇಳೋಕೆ ಬಂದಿರೋದು. ಬೆಳೆಗಾರರೇ ಪರಿಚಯಿಸುವಾಗ ಈ ತಪ್ಪು ಸಹಜ, ವಿಷಯ ನಿಮಗೂ ಗೊತ್ತಿರುತ್ತಲ್ಲ. ಆದರೆ ನೀವು ಹೇಳಿದ್ದು ಅವರ ಮಾತಿಗಿಂತ ಒಂದು ಕೂದಲಷ್ಟು ಬೇರೆಯಾದ್ರೂ ಅವರು ಸಭೆಯಲ್ಲಿ ನಿಮ್ಮನ್ನ ತಿದ್ದಬೇಕಾಗುತ್ತೆ, ಇಲ್ಲ ನುಂಗಿಕೊಳ್ಳಬೇಕಾಗುತ್ತೆ. ಎರಡೂ ಅವರಿಗೆ ಮುಜುಗರ. ಕೊನೆಯ ಎರಡು ಸಾಲು ತೆಗೆದು ಒಂದು ಪ್ರಶ್ನೆ ಇಡಿ: ‘ಕಳೆದ ವರ್ಷ ಗಿಡ ಕಿತ್ತವರು, ಕೈ?’ ಅದನ್ನ ನೋಡಿ ‘ಕಳೆದ ವರ್ಷ ಕಾಂಡಕೊರಕಕ್ಕೆ ಗಿಡ ಕಿತ್ತವರು ಕೈ ಎತ್ತಿ’ ಅಂತ ಕೇಳಿ. ಅರೇಬಿಕಾ ಬೆಳೆಯೋ ಊರಲ್ಲಿ ಕೈ ಏಳದೇ ಇರಲ್ಲ. ಎದ್ದ ಕೈಗಳನ್ನ ಮೇಡಂ ವೇದಿಕೆಯಿಂದ ನೋಡ್ತಾರೆ, ಎಲ್ಲಿಂದ ಮಾತು ಶುರು ಮಾಡಬೇಕು ಅಂತ ಅವರಿಗೇ ಗೊತ್ತಾಗುತ್ತೆ. ಕೈ ಕೇಳುವಾಗ ಕಾರ್ಡು ನೋಡಬಾರದು, ಸಭೆಯನ್ನೇ ನೋಡಬೇಕು.

ರೋಬಸ್ಟಾ ಮಾತ್ರ ಬೆಳೆಯೋರು ಹೆಚ್ಚಿದ್ರೆ ಈ ಪ್ರಶ್ನೆ ಬೇಡ, ಈ ಹುಳುವಿನ ಕಾಟ ಅರೇಬಿಕಾಕ್ಕೇ. ಯಾರು ಬರ್ತಾರೆ ಅಂತ ಮೊದಲೇ ನೋಡಿಕೊಳ್ಳಿ.

ಮಾಷ್ಟ್ರು_ನಿವೃತ್ತ

ಮೂರನೇ ಕಾರ್ಡಿನಲ್ಲಿ ಹೆಸರು ಕೊನೆಗೆ ಇಟ್ಟಿದ್ದೀರಿ. ಹಿರಿಯರ ಹೆಸರನ್ನ ಮೊದಲೇ ಹೇಳಬೇಕು. ‘ಅವರು, ಅವರು’ ಅಂತ ಒಂದೂವರೆ ನಿಮಿಷ ಹೆಸರಿಲ್ಲದೆ ಮಾತಾಡೋದು ನಮ್ಮ ಪದ್ಧತಿ ಅಲ್ಲ.

ಗೋಣಿಕೊಪ್ಪ_ಮೈಕು

ಹೆಸರು ಕೊನೆಗೆ ಬಂದ್ರೆ ಚಪ್ಪಾಳೆ ಹೆಸರಿನ ಮೇಲೇ ಬೀಳುತ್ತೆ, ಅತಿಥಿ ಅದೇ ಸದ್ದಿನಲ್ಲಿ ಎದ್ದು ಬರ್ತಾರೆ. ಹೇಗಿದ್ರೂ ಹೆಸರು ಬ್ಯಾನರ್ ಮೇಲೆ ಇದೆ, ಸ್ವಾಗತದಲ್ಲೂ ಬಂದಿರುತ್ತೆ.

ಮಾಷ್ಟ್ರು_ನಿವೃತ್ತ

ಬ್ಯಾನರ್ ಬೇರೆ, ಬಾಯಿಂದ ಹೇಳೋ ಗೌರವ ಬೇರೆ. ನಾನಾದ್ರೆ ಎರಡನೇ ಕಾರ್ಡಿನ ತಲೆಯಲ್ಲೂ ಒಂದು ಸಲ ಹೆಸರು ಬರೀತೀನಿ.

ಸುಂಟಿಕೊಪ್ಪ_ಬೆಳೆಗಾರ

ಮಾಷ್ಟ್ರೇ, ಎರಡನೇ ಕಾರ್ಡಲ್ಲಿ ಒಂದು ಸಾಲು ಖಾಲಿ ಇದೆ, ಅಲ್ಲಿ ಹೆಸರು ಹಾಕ್ತೀನಿ. ಕೊನೆಯಲ್ಲೂ ಇರಲಿ. ಎರಡು ಸಲ ಹೇಳಿದ್ರೆ ತಪ್ಪೇನಿಲ್ಲ ಅನ್ಸುತ್ತೆ.

ಇನ್ನೊಂದು ಕೇಳೋದಿತ್ತು. ವೇದಿಕೆ ಮೇಲೆ ಇನ್ನೂ ಐದು ಜನ ಗಣ್ಯರಿರ್ತಾರೆ. ಅವರ ಹೆಸರುಗಳನ್ನೂ ಮೊದಲ ಕಾರ್ಡಲ್ಲಿ ಬರೀಬೇಕಾ?

ಅಮ್ಮತ್ತಿ_ಅಕ್ಕ

ಅದು ಸ್ವಾಗತ ಮಾಡೋರ ಕೆಲಸ. ನೀವು ‘ವೇದಿಕೆಯ ಮೇಲಿರುವ ಎಲ್ಲ ಹಿರಿಯರೇ’ ಅಂದ್ರೆ ಸಾಕು. ಹೇಳಲೇಬೇಕು ಅಂತ ಸಂಘದವರು ಹಟ ಹಿಡಿದ್ರೆ ಅದಕ್ಕೆ ಬೇರೆಯೇ ಕಾರ್ಡು, ಮೇಲ್ಗಡೆ 0 ಅಂತ ನಂಬರು. ಆ ಕಾರ್ಡಲ್ಲಿ ಪ್ರತಿ ಹೆಸರೂ ಪೂರ್ತಿ, ಜೊತೆಗೆ ಹುದ್ದೆ, ಸಂಘದವರು ಕೊಟ್ಟ ಕ್ರಮದಲ್ಲೇ. ಆ ಒಂದನ್ನ ಮಾತ್ರ ನೋಡಿಕೊಂಡು ಓದಿ, ಯಾರೂ ತಪ್ಪು ತಿಳಿಯಲ್ಲ. ಕೆಳಗೆ ಎರಡು ಸಾಲು ಖಾಲಿ ಬಿಡಿ, ಸಭೆ ಶುರುವಾಗೋ ಹೊತ್ತಿಗೆ ಆರನೆಯವರು ಬಂದು ಕೂತಿರ್ತಾರೆ.

ಸೋಮವಾರಪೇಟೆ_ಮಳೆ

ಮತ್ತೆ ಒಂದು ತುಂಡು ಪೆನ್ಸಿಲ್ ದಾರಕ್ಕೇ ಕಟ್ಟಿಡಿ. ಸ್ವಾಗತ ಭಾಷಣ ನಡೆಯುವಾಗ ಕಿವಿ ಅಲ್ಲಿರಲಿ, ಎರಡನೇ ಕಾರ್ಡು ಮೇಲಿರಲಿ. ‘ಬಾಳೆಹೊನ್ನೂರು’ ಅಂತ ಅವರ ಬಾಯಲ್ಲಿ ಬಂದ ಕೂಡಲೇ ಆ ಸಾಲಿಗೆ ಗೀಟು.

ಸುಂಟಿಕೊಪ್ಪ_ಬೆಳೆಗಾರ

ಸ್ವಾಗತ ಮಾಡೋದು ನಮ್ಮ ಚಿಕ್ಕಪ್ಪನೇ. ಎರಡೂ ಸಾಲಿಗೆ ಗೀಟು ಬೀಳೋ ಹಾಗೆ ಕಾಣುತ್ತೆ. ಆಗ ಬರೀ ‘ತೋಟದಲ್ಲೇ ಕಾಂಡ ಸೀಳಿ’ ಉಳಿಯುತ್ತೆ, ಅಷ್ಟು ಸಾಕಾಗುತ್ತಾ?

ಗೋಣಿಕೊಪ್ಪ_ಮೈಕು

ಸಾಕು. ಅದೊಂದನ್ನೇ ಅರ್ಧ ನಿಮಿಷ ನಿಧಾನವಾಗಿ ಹೇಳಿ. ಯಾವ ತೋಟದಲ್ಲಿ, ಹೇಗೆ ಸೀಳ್ತಿದ್ರು, ನೋಡಿದವರು ಏನಂದ್ರು ಅಂತ ಮೇಡಂ ಹತ್ತಿರ ಇನ್ನೊಮ್ಮೆ ಫೋನಲ್ಲಿ ಕೇಳಿಟ್ಟುಕೊಳ್ಳಿ. ಕಾರ್ಡಲ್ಲಿ ಬರೀಬೇಡಿ, ತಲೆಯಲ್ಲಿರಲಿ. ಚಿಕ್ಕಪ್ಪನಿಗೆ ಈ ವಿಷಯ ಮಾತ್ರ ಮೊದಲೇ ಹೇಳಬೇಡಿ.